720ಕ್ಕೆ ಎಷ್ಟು ಭಾಜಕ? ಜೋಡಿ ಬರೆಯೋದಾ, ಘಾತ ಹಿಡಿಯೋದಾ

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದಾಗಿನ ಮಾತು. 720ರ ಭಾಜಕಗಳು ಎಷ್ಟು, ಅವುಗಳ ಮೊತ್ತ ಎಷ್ಟು ಅಂತ ಪ್ರಶ್ನೆ. ನಾನು ಜೋಡಿ ಬರೆಯುತ್ತಾ ಹೋದೆ: 1 ಮತ್ತು 720, 2 ಮತ್ತು 360, 3 ಮತ್ತು 240... ವರ್ಗಮೂಲ 26.8 ಇರುವುದರಿಂದ 26ರವರೆಗೆ ನೋಡಿದರೆ ಸಾಕು. ನನಗೆ 28 ಬಂತು, ಮೊತ್ತ 2357.

ಪಕ್ಕದಲ್ಲಿದ್ದ ಹಾವೇರಿಯ ಗೆಳೆಯ ನನ್ನ ಹಾಳೆ ನೋಡಿ, "ಎರಡು ಕಡಿಮಿ ಅದಾವಲ್ಲೋ" ಅಂದ. ಅವನು ಒಂದೂ ಜೋಡಿ ಬರೆದಿರಲಿಲ್ಲ. 720 ಅಂದರೆ 2⁴ × 3² × 5. ಪ್ರತಿ ಘಾತಕ್ಕೂ ಒಂದು ಸೇರಿಸಿ ಗುಣಿಸಿದ್ದ: 5 × 3 × 2 = 30. ಹುಡುಕಿದರೆ ನಾನು 16 ಮತ್ತು 45ರ ಜೋಡಿ ಬಿಟ್ಟಿದ್ದೆ. ಜೋಡಿ ವಿಧಾನದ ಕಷ್ಟ ಇದೇ. ಒಂದು ಬಿಟ್ಟರೆ ಅದು ಬಿಟ್ಟಿದೆ ಅಂತ ಹಾಳೆ ಹೇಳುವುದಿಲ್ಲ.

ಒಂದು ಯಾಕೆ ಸೇರಿಸಬೇಕು? ಭಾಜಕ ಕಟ್ಟುವಾಗ 2 ಅನ್ನು ಒಂದೂ ಸಲ ತೆಗೆದುಕೊಳ್ಳದೇ ಇರಬಹುದು, ನಾಲ್ಕು ಸಲದವರೆಗೂ ತೆಗೆದುಕೊಳ್ಳಬಹುದು. ಅಲ್ಲಿಗೆ ಐದು ದಾರಿ. 3ಕ್ಕೆ ಮೂರು, 5ಕ್ಕೆ ಎರಡು. ಮೊತ್ತಕ್ಕೂ ಇದೇ ಯೋಚನೆ:

(1+2+4+8+16)(1+3+9)(1+5) = 31 × 13 × 6 = 2418

ಆವರಣ ಬಿಡಿಸಿ ನೋಡಿ, 30 ಭಾಜಕಗಳೂ ಒಂದೊಂದೇ ಸಲ ಬರುತ್ತವೆ. ನನ್ನ 2357ಕ್ಕೆ ಬಿಟ್ಟುಹೋದ 16 + 45 ಕೂಡಿಸಿದರೆ ಸರಿಯಾಗಿ ಇದೇ.

ಆವರಣದೊಳಗಿನ ಮೊತ್ತಕ್ಕೆ ಇನ್ನೊಂದು ಸೂತ್ರವಿದೆ, (pᵃ⁺¹ − 1)/(p − 1). ಇಲ್ಲಿ p ಅಂದರೆ ಅವಿಭಾಜ್ಯ, a ಅಂದರೆ ಅದರ ಘಾತ. 3⁶ ಬಂದಾಗ ಇದು ಚೆನ್ನ: (2187 − 1)/2 = 1093. ಆದರೆ 5ರ ಘಾತ ಒಂದೇ ಇದ್ದಾಗ ಸುಮ್ನೆ 1 + 5 ಅನ್ನಬಾರದಾ? ಚಿಕ್ಕ ಘಾತಕ್ಕೆ ನಾನು ಕೂಡಿಸಿಯೇ ಬಿಡುತ್ತೇನೆ.

ಘಾತದ ದಾರಿಯಲ್ಲೂ ಗುಂಡಿ ಇದೆ. 36 ಅನ್ನು 6² ಅಂತ ನಿಲ್ಲಿಸಿದರೆ ಮೂರೇ ಭಾಜಕ ಬರುತ್ತದೆ. 6 ಅವಿಭಾಜ್ಯ ಅಲ್ಲ, 2² × 3² ಅಂತ ಪೂರ್ತಿ ಒಡೆದರೆ ಒಂಬತ್ತು. ಜಾಸ್ತಿ ಜನ ಎಡವುವುದು 91ರಲ್ಲಿ. ಅವಿಭಾಜ್ಯದ ಹಾಗೆ ಕಾಣುತ್ತದೆ, ಆದರೆ 7 × 13. ಜೋಡಿ ಬರೆಯುವವರು ವರ್ಗ ಸಂಖ್ಯೆಯಲ್ಲಿ ಎಡವುತ್ತಾರೆ: 900ರಲ್ಲಿ 30 × 30 ಜೋಡಿಯನ್ನು ಎರಡು ಸಲ ಎಣಿಸಿ 28 ಅನ್ನುತ್ತಾರೆ, ಸರಿಯಾದದ್ದು 27. ವರ್ಗ ಸಂಖ್ಯೆಗೆ ಭಾಜಕಗಳು ಯಾವಾಗಲೂ ಬೆಸವೇ ಇರುತ್ತವೆ, ಸಮ ಬಂತೆಂದರೆ ತಪ್ಪಾಗಿದೆ.

ಒಡೆಯುವುದೇ ಕಷ್ಟವಾದರೆ ಸೂತ್ರವೂ ಕಾಯಬೇಕು. 8633 ಕೊಟ್ಟಾಗ 2, 3, 5, 7 ಅಂತ ಭಾಗಿಸುತ್ತಾ 24ನೇ ಅವಿಭಾಜ್ಯವಾದ 89ಕ್ಕೆ ಬಂದಾಗಲೇ ಅದು ಒಡೆದದ್ದು, 89 × 97. ಅಷ್ಟರಲ್ಲಿ ಚಹಾ ತಣ್ಣಗಾಗಿತ್ತು. ಆಮೇಲಿನ ಕೆಲಸ ಒಂದೇ ಸಾಲು: ಭಾಜಕ ನಾಲ್ಕು, ಮೊತ್ತ 90 × 98 = 8820.