ಸಾಲು ಯಾವಾಗ ಬದಲಿಸಬೇಕು? ಅಳಿಯನ ಕೋಡು, ನನ್ನ ಕೋಡು

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಮ್ಯಾಟ್ರಿಕ್ಸ್ ಇನ್ವರ್ಸ್‌ಗೆ ಪೈಥಾನ್ ಕೋಡ್ ಬರೆದಿದ್ದ. ನಾನೂ ಒಂದು ಬರೆದೆ. ಭಾನುವಾರ ವಿದ್ಯಾನಗರದ ಅವರ ಮನೆಯಲ್ಲಿ ಎರಡನ್ನೂ ಓಡಿಸಿ ನೋಡಿದೆವು.

ಮೂಲ ಉಪಾಯ ಇಬ್ಬರದೂ ಒಂದೇ. ಮ್ಯಾಟ್ರಿಕ್ಸ್ ಪಕ್ಕದಲ್ಲಿ ಐಡೆಂಟಿಟಿ ಇಟ್ಟು, ಎಡಗಡೆ ಐಡೆಂಟಿಟಿ ಆಗುವವರೆಗೆ ಇಡೀ ಸಾಲುಗಳನ್ನು ಭಾಗಿಸುತ್ತಾ, ಒಂದು ಸಾಲಿನಿಂದ ಇನ್ನೊಂದರ ಪಟ್ಟನ್ನು ಕಳೆಯುತ್ತಾ ಹೋಗುವುದು. ಆಗ ಬಲಗಡೆ ಉಳಿದದ್ದೇ ಇನ್ವರ್ಸ್. ವ್ಯತ್ಯಾಸ ಇದ್ದದ್ದು ಪಿವಟ್, ಅಂದರೆ ಪ್ರತಿ ಹಂತದಲ್ಲೂ ಭಾಗಿಸಲು ಬಳಸುವ ಕರ್ಣದ ಸಂಖ್ಯೆ, ಅದನ್ನು ಆರಿಸುವುದರಲ್ಲಿ. ಪಿವಟ್ ಸೊನ್ನೆ ಆದರೆ ಮಾತ್ರ ಅವನು ಸಾಲು ಬದಲಿಸುತ್ತಾನೆ. ನಾನು ಪ್ರತಿ ಸಲವೂ ಆ ಕಂಬದಲ್ಲಿ ಉಳಿದವುಗಳ ಪೈಕಿ, ಚಿಹ್ನೆ ಬಿಟ್ಟು, ದೊಡ್ಡ ಸಂಖ್ಯೆ ಇರುವ ಸಾಲನ್ನು ಮೇಲೆ ತರುತ್ತೇನೆ.

"ಸೊನ್ನೆ ಇಲ್ದಿದ್ರೆ ಸುಮ್ನೆ ಯಾಕೆ ಬದಲಿಸೋದು, ಮಾಮ?" ಅಂದ.

`[[1e-20, 1], [1, 1]]` ಕೊಟ್ಟು ನೋಡು ಅಂದೆ. ಇದರ ಇನ್ವರ್ಸ್‌ನ ಮೊದಲ ಸಂಖ್ಯೆ -1 ಬರಬೇಕು. ಅವನದು 0 ಕೊಟ್ಟಿತು. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಆಗಿದ್ದಿಷ್ಟೇ: ಪುಟಾಣಿ ಪಿವಟ್‌ನಿಂದ ಭಾಗಿಸಿದಾಗ `1e20` ಹುಟ್ಟಿತು. 1 ರಿಂದ ಅದನ್ನು ಕಳೆದರೆ ಉಳಿಯುವುದು `-1e20`, ಆ 1 ಕೊಚ್ಚಿಕೊಂಡು ಹೋಯಿತು. ಸಾಲು ಬದಲಿಸಿದ್ದ ನನ್ನ ಕೋಡು -1 ಅನ್ನೇ ಕೊಟ್ಟಿತು.

ಆದರೆ ನನ್ನ ಜಂಭವೂ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಅವನು `[[0.1, 0.7], [0.3, 2.1]]` ಹಾಕಿದ. ಎರಡನೇ ಸಾಲು ಮೊದಲನೆಯದರ ಮೂರು ಪಟ್ಟು, ಅಂದರೆ ಸಿಂಗ್ಯುಲರ್, ಇನ್ವರ್ಸೇ ಇಲ್ಲ. ಆದರೂ ಇಬ್ಬರ ಕೋಡೂ ಉತ್ತರ ಕೊಟ್ಟವು, ಒಂದೊಂದು ಸಂಖ್ಯೆಯೂ ಹದಿನಾರು ಹದಿನೇಳು ಅಂಕಿ ಉದ್ದ! ಅವನದರಲ್ಲಿ ಕೊನೆಯ ಪಿವಟ್ `4.44e-16`, ನನ್ನದರಲ್ಲಿ `-1.11e-16`. 0.1, 0.7 ಇವೆಲ್ಲ ಬೈನರಿಯಲ್ಲಿ ಸರಿಯಾಗಿ ಕೂರುವುದಿಲ್ಲವಲ್ಲ, ಆ ಚೂರುಪಾರು ತಪ್ಪೇ ಪಿವಟ್ ವೇಷ ಹಾಕಿಕೊಂಡು ಬಂದಿತ್ತು. `== 0` ಅಂತ ಕೇಳುತ್ತಾ ಕೂತರೆ ಇದು ಸಿಗುವುದೇ ಇಲ್ಲ.

ಹಾಗಾಗಿ ನನ್ನದಕ್ಕೆ ಒಂದು ಗೆರೆ ಎಳೆದೆ. `big` ಅಂದರೆ ಮೂಲ ಮ್ಯಾಟ್ರಿಕ್ಸ್‌ನ ಅತಿ ದೊಡ್ಡ ಸಂಖ್ಯೆ, ಚಿಹ್ನೆ ಬಿಟ್ಟು.

```
p = max(range(k, n), key=lambda i: abs(a[i][k]))
if abs(a[p][k]) <= 1e-12 * big:
    return None
a[k], a[p] = a[p], a[k]
```

ಬರೀ `1e-12` ಅಂತ ಬರೆದರೆ ಎಲ್ಲ ಸಂಖ್ಯೆಗಳೂ ಸಣ್ಣದಿರುವ ಒಳ್ಳೆಯ ಮ್ಯಾಟ್ರಿಕ್ಸೂ ತಿರಸ್ಕಾರ ಆಗುತ್ತದೆ. ಅದಕ್ಕೇ `big` ಗುಣಿಸಿದ್ದು. ಆದರೂ ಕರ್ಣದಲ್ಲಿ 1 ಮತ್ತು `1e-13` ಇದ್ದು, ಉಳಿದದ್ದೆಲ್ಲ ಸೊನ್ನೆ ಇದ್ದರೆ ನನ್ನ ಕೋಡು ಅದನ್ನು ಸಿಂಗ್ಯುಲರ್ ಅನ್ನುತ್ತದೆ, ನಿಜಕ್ಕೂ ಅದಕ್ಕೆ ಇನ್ವರ್ಸ್ ಇದೆ. ಅಳಿಯ ಇದನ್ನೇ ಹಿಡಿದುಕೊಂಡು ಇನ್ನೂ ಕಾಡುತ್ತಿದ್ದಾನೆ. ಕಾಡಲಿ, ಸುಳ್ಳು ಉತ್ತರ ಕೊಡುವ ಬದಲು ಆಗಲ್ಲ ಅನ್ನುವ ಕೋಡೇ ನನಗೆ ಇಷ್ಟ.