ಒಂದೇ ಷೇರು, ಮೂರು ಪರದೆ: ಒಂದು ಗಂಟೆಯ ಕ್ಯಾಂಡಲ್ ಯಾಕೆ ಬೇರೆ ಬೇರೆ?

ಬಾಗಲಕೋಟೆಯ ನವನಗರದಲ್ಲಿ ನಮ್ಮ ಕಾಕಾನ ಗೊಬ್ಬರದ ಅಂಗಡಿ ಇದೆ. ಗಿರಾಕಿ ಇಲ್ಲದಾಗ ಕಾಕಾ ಫೋನಿನಲ್ಲಿ, ನಾನು ಲ್ಯಾಪ್‌ಟಾಪ್‌ನಲ್ಲಿ ಒಂದೇ ಸಕ್ಕರೆ ಷೇರು ನೋಡುತ್ತೇವೆ. 640 ರೂಪಾಯಿಗೆ ಇಬ್ಬರೂ ಗೆರೆ ಎಳೆದಿದ್ದೆವು. ಒಂದು ಗಂಟೆಯ ಕ್ಯಾಂಡಲ್ ಅದರ ಮೇಲೆ ಮುಗಿದರೆ ಕೊಳ್ಳೋಣ ಅಂತ ಮಾತಾಗಿತ್ತು.

ಬೆಳಿಗ್ಗೆ 11:15ಕ್ಕೆ ನಾನು, "ದಾಟೇತಿ ನೋಡ್ರಿ ಕಾಕಾ, 641.50ಕ್ಕ ಮುಗದೈತಿ" ಅಂದೆ.

"ಎಲ್ಲಿ ದಾಟೇತೋ? ನಂದ್ರಾಗ 638 ಐತಲ್ಲ!"

ಅವತ್ತು ಕೊಳ್ಳಲಿಲ್ಲ. ಆದರೆ ಒಂದು ವಾರ ಮೂರು ಪರದೆ ಪಕ್ಕದಲ್ಲಿಟ್ಟು ನೋಡಿದೆ: ಕಾಕಾನ ಉಚಿತ ತಾಣ, ನನ್ನ ಟ್ರೇಡಿಂಗ್‌ವ್ಯೂ, ನಮ್ಮ ಬ್ರೋಕರ್ ಆ್ಯಪ್.

ಮೊದಲ ಅನುಮಾನ ತಡದ ಮೇಲೆ. ಎಷ್ಟೋ ಉಚಿತ ತಾಣಗಳು ಬೆಲೆಯನ್ನು 15 ನಿಮಿಷ ತಡವಾಗಿ ತೋರಿಸುತ್ತವೆ. ಇದನ್ನು ಹಿಡಿಯುವುದು ಸುಲಭ. ಮಾರುಕಟ್ಟೆ 9:15ಕ್ಕೆ ತೆರೆಯುತ್ತದೆ ಅಲ್ವಾ? 9:20ಕ್ಕೆ ಐದು ನಿಮಿಷದ ಚಾರ್ಟ್ ತೆಗೆಯಿರಿ. ಇವತ್ತಿನ ಒಂದು ಕ್ಯಾಂಡಲ್ ಕೂಡ ಇಲ್ಲ ಅಂದರೆ ಅದು ತಡದ ಫೀಡ್. ಕಾಕಾನ ಪರದೆ 9:30ರ ತನಕ ಖಾಲಿ ಇತ್ತು. ಅಂದರೆ 11:15ಕ್ಕೆ ಅವರಿಗೆ ಕಂಡಿದ್ದು 11:00ರ ಬೆಲೆ. ಜಗಳ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ತಡ ಅನ್ನುವುದು ಸಂಜೆ ಹೊತ್ತಿಗೆ ತಾನಾಗಿ ಅಳಿಯಬೇಕು. ಮಾರುಕಟ್ಟೆ ಮುಗಿದ ಮೇಲೆ ನೋಡಿದರೂ ಕಾಕಾನ ಕ್ಯಾಂಡಲ್ 638ಕ್ಕೇ ಮುಗಿದಿತ್ತು. ಸಂಜೆಗೂ ಉಳಿಯುವ ವ್ಯತ್ಯಾಸಕ್ಕೆ ಕಾರಣ ಬೇರೆ.

ಕ್ಯಾಂಡಲ್ ಮೇಲೆ ಬೆರಳಿಟ್ಟು ಸಮಯ ಓದಿದಾಗ ಗೊತ್ತಾಯಿತು. ಟ್ರೇಡಿಂಗ್‌ವ್ಯೂ ವಹಿವಾಟು ಶುರುವಾದ 9:15ರಿಂದ ಗಂಟೆ ಎಣಿಸುತ್ತದೆ: 9:15ರಿಂದ 10:15, ಅಲ್ಲಿಂದ 11:15. ಕಾಕಾನ ತಾಣ ಗೋಡೆ ಗಡಿಯಾರದ ಪ್ರಕಾರ ಹೋಗುತ್ತದೆ: 9ರಿಂದ 10, 10ರಿಂದ 11. ಅದರ ಮೊದಲ ಕ್ಯಾಂಡಲ್‌ನಲ್ಲಿ ಬರೀ 45 ನಿಮಿಷದ ವಹಿವಾಟು ಇರುತ್ತದೆ, ಕೊನೆಯದರಲ್ಲಿ 30. ನನ್ನದರಲ್ಲಿ ಆರು ಪೂರ್ತಿ ಗಂಟೆ, ಕೊನೆಗೆ 15 ನಿಮಿಷದ ತುಂಡು. ಎರಡೂ ಕಡೆ ದಿನಕ್ಕೆ ಏಳೇ ಕ್ಯಾಂಡಲ್. ಅದಕ್ಕೇ ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ. ಬೆಲೆ 11:00ಕ್ಕೆ 638, 11:15ಕ್ಕೆ 641.50. ಇಬ್ಬರ ಅಂಕಿಯೂ ಸರಿ, ಕತ್ತರಿಸಿದ ಜಾಗ ಬೇರೆ. ಕ್ಯಾಂಡಲ್ ಮುಗಿಯುವ ಬೆಲೆ ಬದಲಾದರೆ ಅದರಿಂದ ಲೆಕ್ಕ ಹಾಕುವ ಆರ್‌ಎಸ್‌ಐ, ಮೂವಿಂಗ್ ಆವರೇಜ್ ಕೂಡ ಬದಲಾಗುತ್ತವೆ.

ಬ್ರೋಕರ್ ಆ್ಯಪ್ ಗಂಟೆಯ ವಿಷಯದಲ್ಲಿ ಟ್ರೇಡಿಂಗ್‌ವ್ಯೂ ಜೊತೆ ಹೊಂದಿತು. ಒಂದು ನಿಮಿಷದ ಕ್ಯಾಂಡಲ್‌ನಲ್ಲಿ ಮಾತ್ರ ಮೇಲಿನ, ಕೆಳಗಿನ ತುದಿ ಆಗಾಗ ಹತ್ತಿಪ್ಪತ್ತು ಪೈಸೆ ಆಚೀಚೆ. ಬಹಳಷ್ಟು ಫೀಡ್‌ಗಳು ಪ್ರತಿ ವಹಿವಾಟನ್ನೂ ಕಳಿಸುವುದಿಲ್ಲ, ಸ್ವಲ್ಪ ಸ್ವಲ್ಪ ಹೊತ್ತಿಗೆ ಆ ಕ್ಷಣದ ಬೆಲೆ ಕಳಿಸುತ್ತವೆ. ನಡುವೆ ಆದ ಒಂದು ಏರಿಕೆ ಒಬ್ಬರಿಗೆ ಸಿಗುತ್ತದೆ, ಇನ್ನೊಬ್ಬರಿಗೆ ತಪ್ಪುತ್ತದೆ. ಸ್ಟಾಪ್‌ಲಾಸ್ ಹತ್ತಿರ ಇಡುವವರಿಗೆ ಇದು ಜಾಸ್ತಿ ಮುಖ್ಯ. (ಹೋಲಿಸುವ ಮೊದಲು ಎರಡೂ ಕಡೆ ಎನ್‌ಎಸ್‌ಇ ಇದೆಯಾ, ಒಂದು ಕಡೆ ಬಿಎಸ್‌ಇ ಇದೆಯಾ ಅಂತ ನೋಡಿಕೊಳ್ಳಿ.)

ದಿನದ ಕ್ಯಾಂಡಲ್‌ನಲ್ಲಿ ಇನ್ನೊಂದು ಗಂಟು ಸಿಕ್ಕಿತು. ನಾವು ಹೋಲಿಸಿದ ಆ ವಾರ ಎನ್‌ಎಸ್‌ಇ ಮುಕ್ತಾಯ ಬೆಲೆ ಅಂದರೆ ಕೊನೆಯ ವಹಿವಾಟಿನ ಬೆಲೆ ಅಲ್ಲ, 3ರಿಂದ 3:30ರ ತನಕದ ತೂಕದ ಸರಾಸರಿ. ಆ ಅರ್ಧ ಗಂಟೆಯಲ್ಲಿ 642ಕ್ಕೆ 20,000 ಷೇರು, ಕೊನೆಗೆ 646ಕ್ಕೆ 10,000 ಷೇರು ಕೈ ಬದಲಾದವು ಅಂತಿಟ್ಟುಕೊಳ್ಳಿ. ಸರಾಸರಿ 643.33. ನಿಮಿಷದ ಚಾರ್ಟ್ 646ಕ್ಕೆ ನಿಲ್ಲುತ್ತದೆ, ದಿನದ ಚಾರ್ಟ್ 643ರ ಹತ್ತಿರ. ನಮ್ಮ ಆ್ಯಪ್‌ನಲ್ಲಿ 3:30ಕ್ಕೆ ಒಂದು ಅಂಕಿ, ರಾತ್ರಿ ಇನ್ನೊಂದು ಕಂಡಿದ್ದು ಇದಕ್ಕೇ. ಮರುದಿನ ಶೇಕಡಾ ಎಷ್ಟು ಏರಿತು ಅನ್ನುವ ಲೆಕ್ಕ ಶುರುವಾಗುವುದು ಈ ಎರಡನೆಯ ಅಂಕಿಯಿಂದ.

ನನ್ನ ಆಯ್ಕೆ ಹೀಗೆ: ಗೆರೆ ಎಳೆದು ಓದುವುದಕ್ಕೆ ಟ್ರೇಡಿಂಗ್‌ವ್ಯೂ, ಆರ್ಡರ್ ಹಾಕುವಾಗ ಬ್ರೋಕರ್ ಆ್ಯಪ್‌ನ ಬೆಲೆ. ಉಚಿತ ತಾಣ ವಾರದ, ತಿಂಗಳ ಚಾರ್ಟ್ ನೋಡುವುದಕ್ಕೆ ಸಾಕು, ದಿನದೊಳಗಿನ ವಹಿವಾಟಿಗೆ ಬೇಡ.

ಕಾಕಾ ತಾಣ ಬದಲಿಸಲು ಒಪ್ಪಲಿಲ್ಲ. ಆರ್ಡರ್ ಮಾತ್ರ ಆ್ಯಪ್ ನೋಡಿಯೇ ಹಾಕುತ್ತಾರೆ. ನಮ್ಮಿಬ್ಬರ ನಿಯಮವನ್ನು ಈಗ 15 ನಿಮಿಷದ ಕ್ಯಾಂಡಲ್‌ಗೆ ಇಳಿಸಿದ್ದೇವೆ. 9ರಿಂದ ಎಣಿಸಿದರೂ 9:15ರಿಂದ ಎಣಿಸಿದರೂ 15 ನಿಮಿಷದ ಗಡಿ ಒಂದೇ ಕಡೆ ಬೀಳುತ್ತದೆ. 30 ನಿಮಿಷಕ್ಕೆ ಹೋದರೆ ಮತ್ತೆ ತಪ್ಪುತ್ತದೆ.