ವೋಟರ್ ಐಡಿ ತಿದ್ದುಪಡಿ: ಸೈಬರ್, ಬಿಎಲ್‌ಒ, ಇಲ್ಲ ನಮ್ಮದೇ ಫೋನಾ?

ನನ್ನ ವೋಟು ಚುನಾವಣಾ ಆಯೋಗದ ಪೋರ್ಟಲ್ voters.eci.gov.in ಗೆ. ಮನೆಯಲ್ಲಿ ಕೂತು ನಾವೇ ತಿದ್ದುಪಡಿಯ ಫಾರಂ 8 ತುಂಬುವುದೇ ವಾಸಿ. ಕಾಪುವಿನಿಂದ ಮಂಗಳೂರಿಗೆ ಬಂದ ಮೇಲೆ ಅಮ್ಮನ ಹೆಸರು ಸೈಬರ್‌ನಲ್ಲಿ, ತಮ್ಮನ ಫೋಟೊ ಬೂತ್ ಮಟ್ಟದ ಅಧಿಕಾರಿ ಬಿಎಲ್‌ಒ ಹತ್ತಿರ, ನನ್ನ ವಿಳಾಸ ಫೋನಲ್ಲಿ ಸರಿಮಾಡಿಸಿ ನೋಡಿದ್ದಾಯಿತು.

ತಲೆ ತಿಂದದ್ದು ಸೈಬರ್. ಅಮ್ಮನ ಕಾರ್ಡಿನಲ್ಲಿ Kotyan ಅಂತ ಇತ್ತು, ಆಧಾರ್‌ನಲ್ಲಿ Kotian. ಅಂಗಡಿಯ ಹುಡುಗ ಇಂಗ್ಲಿಷ್ ಸರಿಯಾಗಿಯೇ ಟೈಪ್ ಮಾಡಿದ. ಪೋರ್ಟಲ್ ಅದನ್ನು ಪಕ್ಕದ ಪೆಟ್ಟಿಗೆಯಲ್ಲಿ ತಾನೇ ಕನ್ನಡ ಮಾಡಿಕೊಳ್ಳುತ್ತದೆ. ಅಲ್ಲಿ ಕೋಟ್ಯಾನ್ ಹೋಗಿ 'ಕೋಟಿಯನ್' ಆಗಿತ್ತು. ಆ ಪೆಟ್ಟಿಗೆಯನ್ನು ನಾವು ತಿದ್ದಬಹುದು, ಆದರೆ ಹಿಂದೆ ಕ್ಯೂ ಇರುವಾಗ ಯಾರು ನೋಡುತ್ತಾರೆ? ಕಾರ್ಡಿನಲ್ಲಿ ಎರಡೂ ಭಾಷೆ ಅಚ್ಚಾಗುತ್ತದೆ, ಹಾಗಾಗಿ ಒಂದು ತಪ್ಪು ಹೋಗಿ ಇನ್ನೊಂದು ಬಂತು. ನಮ್ಮ ಪೂಜಾರಿ, ಸುವರ್ಣ, ಕುಂದರ್ ಎಲ್ಲರೂ ಸಬ್ಮಿಟ್ ಒತ್ತುವ ಮುಂಚೆ ಕನ್ನಡ ಸಾಲನ್ನು ಅಕ್ಷರ ಅಕ್ಷರ ಓದಿ. ತಂದೆ ಅಥವಾ ಗಂಡನ ಹೆಸರನ್ನೂ ಬಿಡಬೇಡಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಾರ್ಡಿನ ಡಿಜಿಟಲ್ ಪ್ರತಿ, ಅಂದರೆ ಇ-ಎಪಿಕ್ ಪಿಡಿಎಫ್ ಇಳಿಸಲು ಹೋದರೆ ಒಟಿಪಿ ಬರಲೇ ಇಲ್ಲ. ಫಾರಂನಲ್ಲಿ ಹುಡುಗ ಅಂಗಡಿಯ ನಂಬರ್ ಹಾಕಿದ್ದ! ಒಟಿಪಿ ಹೋಗುವುದು ದಾಖಲಾದ ನಂಬರಿಗೇ. ಕೊನೆಗೆ ನಾನೇ ಇನ್ನೊಂದು ಫಾರಂ 8 ಹಾಕಿದೆ. ಹೆಸರಿನ ಜೊತೆ ಮೊಬೈಲ್ ನಂಬರನ್ನೂ ಅದರಲ್ಲೇ ಬದಲಾಯಿಸಬಹುದು. ಪೋರ್ಟಲ್‌ನಲ್ಲಿ ಫೀಸಿಲ್ಲ, ಸೈಬರ್‌ನವನಿಗೆ ಕೊಟ್ಟ ದುಡ್ಡು ಸುಮ್ನೆ ದಂಡ.

ಬಿಎಲ್‌ಒ ದಾರಿ ಕೆಟ್ಟದ್ದೇನಲ್ಲ. ನಮ್ಮ ಬೂತಿನವರು ಅಂಗನವಾಡಿ ಟೀಚರ್. ಫಾರಂ, ಹೊಸ ಫೋಟೊ ತಗೊಂಡರು. "ಟೀಚರ್, ರಸೀದಿ?" ಅಂತ ಕೇಳಿದ ಮೇಲೆ ಕೆಳಗಿನ ಚೀಟಿ ಹರಿದು ಕೊಟ್ಟರು. ಫೋನ್ ಬಳಸದ ಹಿರಿಯರಿಗೆ ಇದೇ ಸಲೀಸು.

ವಿಳಾಸಕ್ಕೆ ಬಂದರೆ, ಕ್ಷೇತ್ರ ಬದಲಾದರೂ ಈಗ ಫಾರಂ 8 ಸಾಕು, ಕಾರ್ಡಿನ ನಂಬರ್ ಅದೇ ಉಳಿಯುತ್ತದೆ. ಬಾಡಿಗೆ ಮನೆಯವರಿಗೆ ಒಂದು ತೊಡಕಿದೆ. ಬಾಡಿಗೆ ಕರಾರು ಕೊಡುವುದಾದರೆ ಅದು ನೋಂದಣಿ ಆಗಿರಬೇಕು, ಬರೀ ಸ್ಟಾಂಪ್ ಪೇಪರ್ ಸಾಲದು. ನಾನು ಹೊಸ ವಿಳಾಸದ ಬ್ಯಾಂಕ್ ಪಾಸ್‌ಬುಕ್ ಹಾಕಿದೆ. ರೆಫರೆನ್ಸ್ ನಂಬರ್ ಅಲ್ಲೇ ಬಂತು, ಅರ್ಜಿ ಎಲ್ಲಿದೆ ಅಂತ ಫೋನಲ್ಲೇ ನೋಡುತ್ತಿದ್ದೆ.

ಇಷ್ಟೆಲ್ಲ ಬೇಕಾ ಅಂತ ಕೇಳಬಹುದು. ವೋಟು ಹಾಕಲು ಮಾತ್ರ ಆದರೆ ಹೆಸರಿನ ತಪ್ಪಿಗೆ ಅವಸರವಿಲ್ಲ. ಪಟ್ಟಿಯಲ್ಲಿ ಹೆಸರಿದ್ದು ಗುರುತು ಸಿಕ್ಕರೆ ಸಣ್ಣಪುಟ್ಟ ಕಾಗುಣಿತದ ತಪ್ಪಿಗೆ ಬೂತಿನಲ್ಲಿ ವಾಪಸ್ ಕಳಿಸುವಂತಿಲ್ಲ. ಫೋಟೊ ಹೊಂದದಿದ್ದರೆ ಮಾತ್ರ ಆಧಾರ್‌ನಂಥ ಬೇರೆ ಗುರುತು ತೋರಿಸಬೇಕು. ಬ್ಯಾಂಕ್ ಕೆವೈಸಿ, ಪಾಸ್‌ಪೋರ್ಟ್ ಬೇರೆ ಮಾತು. ಅಲ್ಲಿ ವೋಟರ್ ಐಡಿ ನಡೆಯುತ್ತದೆ, ಆದರೆ ಹಳೇ ವಿಳಾಸದ ಕಾರ್ಡ್ ಹಿಡಿದು ಹೊಸ ಮನೆಯ ಪುರಾವೆ ಅಂದರೆ ಆಗಲ್ಲ ಅಲ್ವಾ? ನನಗೆ ಬೇಕಿದ್ದದ್ದೂ ಅದಕ್ಕೇ.